37ಕ್ಕೆ ಬಂದ ಅಂಕ 15ಕ್ಕೆ ಇಳಿಸುವಾಗ

ಗದಗಿನ ಒಂದು ಡಿಗ್ರಿ ಕಾಲೇಜಿನಲ್ಲಿ ನಾನು ಪಾಠ ಮಾಡುತ್ತೇನೆ. ಆಂತರಿಕ ಅಂಕ 30, ಎರಡು ಟೆಸ್ಟಿಗೆ ತಲಾ 15. ಟೆಸ್ಟ್ ನಡೆಯುವುದು 40ಕ್ಕೆ. ಆ ಸಲ ಮೊದಲ ಟೆಸ್ಟಿನಲ್ಲಿ, ಇನ್ನೂ ಪಾಠವೇ ಆಗದ ಅಧ್ಯಾಯದ 3 ಅಂಕದ ಪ್ರಶ್ನೆಯೊಂದು ನನ್ನ ಕೈತಪ್ಪಿನಿಂದ ನುಸುಳಿತ್ತು. ಅದನ್ನು ರದ್ದು ಮಾಡಿದೆ. ಒಟ್ಟು 37ಕ್ಕೆ ನಿಂತಿತು.

ಲೆಕ್ಕವೇನೋ ಸರಳ: ಬಂದ ಅಂಕವನ್ನು 37ರಿಂದ ಭಾಗಿಸಿ 15ರಿಂದ ಗುಣಿಸುವುದು. ನಾನು 15/37 ಅಂದರೆ ಸುಮಾರು 0.4 ಎಂದು ಬಾಯಿಲೆಕ್ಕ ಹಾಕಿಕೊಂಡು ಹೊರಟೆ. 31 ತೆಗೆದ ಹುಡುಗನಿಗೆ 12.4, ಅಂದರೆ 12 ಬಂತು. ಸರಿಯಾಗಿ ಮಾಡಿದರೆ 12.57, ಅಂದರೆ 13. ಪೂರ್ತಿ 37 ಹಾಕಿ ನೋಡಿದ್ದರೆ ಅಲ್ಲೇ ಗೊತ್ತಾಗುತ್ತಿತ್ತು: 15 ಬರಬೇಕಾದಲ್ಲಿ 14.8 ಬರುತ್ತದೆ.

ಅದನ್ನು ತಿದ್ದಿ ಎರಡೂ ಟೆಸ್ಟನ್ನು ಬೇರೆಬೇರೆ ರೌಂಡ್ ಮಾಡಿ ಕೂಡಿಸಿದೆ. ಇಬ್ಬರು ಗೆಳತಿಯರು ಪಟ್ಟಿ ಹಿಡಿದು ಬಂದರು. ಒಬ್ಬಳದು 28 ಮತ್ತು 22, ಇನ್ನೊಬ್ಬಳದು 29 ಮತ್ತು 23. ಒಂದೊಂದೇ ಅಂಕದ ಅಂತರ.

"ಸರ್, ನಂದು ಹತ್ತೊಂಬತ್ತು, ಈಕಿದು ಇಪ್ಪತ್ತೊಂದು. ಹ್ಯಾಂಗ್ರೀ?"

ಮೊದಲಿನವಳದು 11.35 ಮತ್ತು 8.25, ಎರಡೂ ಕೆಳಗಿಳಿದು 11, 8. ಎರಡನೆಯವಳದು 11.76 ಮತ್ತು 8.63, ಎರಡೂ ಮೇಲೇರಿ 12, 9. ದಶಾಂಶ ಬಿಡದೆ ಕೂಡಿಸಿದರೆ 19.60 ಮತ್ತು 20.38, ಇಬ್ಬರಿಗೂ 20. ಕೊನೆಗೆ ಒಮ್ಮೆ ಮಾತ್ರ ರೌಂಡ್ ಮಾಡಬೇಕಿತ್ತು. ಸ್ಪ್ರೆಡ್‌ಶೀಟಿನ B1ರಲ್ಲಿ 37, C1ರಲ್ಲಿ 40 ಬರೆದು ಸೂತ್ರ ಹೀಗೆ ಹಾಕಿದೆ:

```
=ROUND(B2/B$1*15+C2/C$1*15,0)
```

ಟೆಸ್ಟುವಾರು ಅಂಕದ ಕಾಲಮ್ಮಿನಲ್ಲಿ ಅಂದಕ್ಕೆಂದು ದಶಾಂಶ ಮುಚ್ಚಿಟ್ಟು ನೋಟಿಸ್ ಬೋರ್ಡಿಗೆ ಅಂಟಿಸಿದೆ. ಅದೂ ಪೇಚಾಯಿತು. ಒಬ್ಬಳ ಸಾಲಿನಲ್ಲಿ 11, 8, ಒಟ್ಟು 20. ಇನ್ನೊಬ್ಬಳದರಲ್ಲಿ 12, 9, ಒಟ್ಟು 20. ಹಿಂದಿನ ಬೆಂಚಿನವರಿಗೆ ವಾರವಿಡೀ ಇದೇ ನಗೆ. ಸೆಲ್ಲಿನಲ್ಲಿ ಕಾಣುವ ಅಂಕಿ ಬೇರೆ, ಒಳಗಿರುವುದು ಬೇರೆ. ಆ ಎರಡು ಕಾಲಮ್ಮಿಗೆ ಎರಡು ದಶಾಂಶ ತೋರಿಸಿ ಮತ್ತೆ ಅಂಟಿಸಿದ ಮೇಲೆ ಯಾರೂ ಬರಲಿಲ್ಲ.

ದಶಾಂಶ ಮುಚ್ಚಿದ್ದಾಗ ಇನ್ನೊಂದು ತಪ್ಪು ಯಾರ ಕಣ್ಣಿಗೂ ಬಿದ್ದಿರಲಿಲ್ಲ. ರದ್ದಾದ ಪ್ರಶ್ನೆಗೂ ಕೆಲವರು ಉತ್ತರ ಬರೆದಿದ್ದರು, ನಾನು ಅಂಕ ಕೊಟ್ಟುಬಿಟ್ಟಿದ್ದೆ. ಒಬ್ಬನದು 37ಕ್ಕೆ 38! ಇಳಿಸಿದರೆ 15.41, ರೌಂಡ್ ಆದರೆ 15, ಏನೂ ಕಾಣದು. ಮೊದಲ ಟೆಸ್ಟಿನ ಕಾಲಮ್ಮಿಗೆ, ಅತಿ ಹೆಚ್ಚಿನ ಅಂಕ ತೋರಿಸುವ `MAX` ಹಾಕಿ ನೋಡಿದಾಗ ಸಿಕ್ಕಿತು. ಆದರೆ 25 ಬಂದವನಲ್ಲಿ ಆ 3 ಅಂಕ ಸೇರಿದ್ದರೆ `MAX`ಗೂ ಸಿಗುವುದಿಲ್ಲ. ಹಾಗಾಗಿ ಎಲ್ಲ ಉತ್ತರಪತ್ರಿಕೆ ಮತ್ತೆ ತೆಗೆದು ಆ ಪ್ರಶ್ನೆಯ ಅಂಕ ಕಳೆದೆ.

ಎಲ್ಲರಿಗೂ ಆ 3 ಅಂಕ ಕೊಟ್ಟು 40ಕ್ಕೇ ಇಡಿ ಎಂದರು ಸಹೋದ್ಯೋಗಿಯೊಬ್ಬರು. ಹಾಗೆ ಮಾಡಿದರೆ 10 ತೆಗೆದವನಿಗೆ 4.05ರ ಬದಲು 4.88 ಸಿಗುತ್ತದೆ, 37 ತೆಗೆದವನಿಗೆ ಏನೂ ಹೆಚ್ಚುವುದಿಲ್ಲ. ತಪ್ಪು ನನ್ನದಾದ್ದರಿಂದ ಆ ಉದಾರತನಕ್ಕೆ ಮನಸ್ಸು ಎಳೆಯಿತು. ಆದರೆ 37 ಎಂದು ಆಗಲೇ ತರಗತಿಯಲ್ಲಿ ಹೇಳಿಯಾಗಿತ್ತು, ಹಾಗೇ ಬಿಟ್ಟೆ.