ಡ್ರಾಯಿಂಗ್ ಹಿಂದೆಯೇ ಹೋಗಿ: ಡಿಸೈನ್ ಎಂಜಿನಿಯರ್ ‘ಟಿ’ ಆಗುವ ದಾರಿ

ಇಂಗ್ಲಿಷಿನ ‘ಟಿ’ ಅಕ್ಷರ ನೋಡಿ. ನೆಟ್ಟಗೆ ನಿಂತ ಕಂಬ ನೀವು ಆಳವಾಗಿ ಬಲ್ಲ ಕೆಲಸ. ಮೇಲಿನ ಅಡ್ಡಪಟ್ಟಿ ಅಕ್ಕಪಕ್ಕದವರ ಕೆಲಸದ ತಿಳಿವಳಿಕೆ. ಈ ಅಡ್ಡಪಟ್ಟಿ ಕಟ್ಟುವುದು ಹೇಗೆ? ನಾನು ಬಲ್ಲ ಕೆಲಸವನ್ನೇ ಉದಾಹರಣೆಗೆ ತೆಗೆದುಕೊಳ್ಳುತ್ತೇನೆ: ಯಂತ್ರದ ಬಿಡಿಭಾಗಗಳ ಡಿಸೈನ್.

ಮೊದಲು ನೆರೆಯವರು ಯಾರು ಅಂತ ಗುರುತಿಸಿ. ನಿಮ್ಮ ಡ್ರಾಯಿಂಗ್ ಯಾರ ಕೈಗೆ ಹೋಗುತ್ತದೆ? ಮಷೀನ್ ಶಾಪ್, ಇನ್‌ಸ್ಪೆಕ್ಷನ್, ಖರೀದಿ ವಿಭಾಗ. ಸದ್ಯಕ್ಕೆ ಈ ಮೂರು ಸಾಕು. ಕಂಡ ಕೋರ್ಸಿಗೆಲ್ಲ ಸೇರಬೇಡಿ.

ಆಮೇಲೆ ನಿಮ್ಮದೇ ಒಂದು ಪಾರ್ಟ್ ಆರಿಸಿ, ಅದು ತಯಾರಾಗುವ ದಿನ ಮಷೀನ್ ಪಕ್ಕ ನಿಲ್ಲಿ. ನಾನು ಹೀಗೆ ಪೀಣ್ಯದ ಒಂದು ವರ್ಕ್‌ಶಾಪ್‌ನಲ್ಲಿ ನಿಂತಿದ್ದೆ. ಅಲ್ಯೂಮಿನಿಯಂ ಬ್ಲಾಕ್‌ನಲ್ಲಿ 30 ಮಿ.ಮೀ. ಆಳದ ಪಾಕೆಟ್, ಅಂದರೆ ಕೊರೆದು ಮಾಡುವ ಗುಳಿ. ಒಳಮೂಲೆಗೆ ನಾನು ಕೊಟ್ಟಿದ್ದು 2 ಮಿ.ಮೀ. ರೇಡಿಯಸ್. ‘ಸಾರ್, ಕಟರ್ ದುಂಡಗಿರುತ್ತೆ ಅಲ್ವಾ?’ ಎಂದರು ಆಪರೇಟರ್. ಆ ಮೂಲೆಗೆ 4 ಮಿ.ಮೀ.ಗಿಂತ ದಪ್ಪನೆಯ ಕಟರ್ ಹೋಗುವುದಿಲ್ಲ. ಅಷ್ಟು ಸಣ್ಣ ಕಟರ್ 30 ಮಿ.ಮೀ. ಕೆಳಗಿಳಿದರೆ ಬಾಗುತ್ತದೆ, ಅದುರುತ್ತದೆ, ಗೋಡೆಯ ಮೇಲೆ ಗೆರೆ ಬೀಳುತ್ತದೆ. ಹಾಗಾಗಿ ತುಂಬಾ ನಿಧಾನವಾಗಿ ಓಡಿಸಬೇಕು. ಒಳಗೆ ಕೂರುವ ಭಾಗಕ್ಕೆ 2 ಮಿ.ಮೀ. ಬೇಕೇ ಇರಲಿಲ್ಲ. 6 ಮಾಡಿದೆ. 10 ಮಿ.ಮೀ. ಕಟರ್ ಮೂಲೆಯಲ್ಲಿ ನಿಲ್ಲದೆ ಸಲೀಸಾಗಿ ತಿರುಗಿತು.

ಅದೇ ಪಾರ್ಟ್ ಹಿಡಿದು ಇನ್‌ಸ್ಪೆಕ್ಷನ್‌ಗೆ ಹೋಗಿ. ವೈರ್ ಹಾದುಹೋಗುವ ರಂಧ್ರಕ್ಕೆ ಸುಮ್ನೆ ಅಭ್ಯಾಸಬಲದಿಂದ 25H7 ಎಂದು ಬರೆದಿದ್ದೆ. ಅಂದರೆ ಅಳತೆ 25.000 ರಿಂದ 25.021 ಮಿ.ಮೀ. ಒಳಗೇ ಇರಬೇಕು. ವರ್ನಿಯರ್ ನಂಬಿ ಇದನ್ನು ಪಾಸ್ ಮಾಡಲಾಗದು. ಪ್ಲಗ್ ಗೇಜ್ ಅಥವಾ ಬೋರ್ ಗೇಜ್ ಬೇಕು. ಡ್ರಿಲ್ ಆದ ಮೇಲೆ ರಂಧ್ರವನ್ನು ನಿಖರ ಅಳತೆಗೆ ತರುವ ರೀಮಿಂಗ್ ಅಥವಾ ಬೋರಿಂಗ್ ಕೂಡ ಬೇಕು. ಆ ಜಾಸ್ತಿ ಕೆಲಸವೆಲ್ಲ ಕೊಟೇಶನ್‌ಗೆ ಬಂದು ಸೇರುತ್ತದೆ. ಖರೀದಿಯವರ ಜತೆ ಕೂತು ಅದನ್ನು ಸಾಲುಸಾಲಾಗಿ ಓದಿ. ವೈರ್‌ಗೆ ±0.2 ಮಿ.ಮೀ. ಧಾರಾಳ ಸಾಕಿತ್ತು.

ಎಷ್ಟು ಕಲಿತರೆ ಸಾಕು? ಮುಂದಿನ ಡ್ರಾಯಿಂಗ್ ಕಳಿಸುವ ಮೊದಲು, ಈ ಮೂವರೂ ಏನೇನು ಕೇಳಬಹುದು ಅಂತ ಒಂದು ಹಾಳೆಯಲ್ಲಿ ಬರೆದಿಡಿ. ಅವರು ಕೇಳಿ, ನೀವು ಬರೆಯದೇ ಬಿಟ್ಟದ್ದೇ ಮುಂದಿನ ಪಾಠ. ಪ್ರಶ್ನೆಗಳು ತಾಳೆಯಾಗತೊಡಗಿದರೆ ಅಲ್ಲಿಗೆ ನಿಲ್ಲಿಸಿ. ಮಷೀನ್ ಪ್ರೋಗ್ರಾಂ ಬರೆಯುವಷ್ಟು ಕಲಿಯಬೇಕಿಲ್ಲ.

ಇಲ್ಲೊಂದು ಅಪಾಯವಿದೆ. ನೆರೆಯವರ ಕಷ್ಟ ಅರ್ಥವಾದ ಮೇಲೆ ಎಲ್ಲದಕ್ಕೂ ‘ಆಯ್ತು’ ಅನ್ನಿಸುತ್ತದೆ. ಬೇರಿಂಗ್ ಕೂರುವ ಗೂಡಿನ ಅಳತೆಯನ್ನೂ ಸಡಿಲಿಸಿ ಎಂದು ಕೇಳುತ್ತಾರೆ. ಒಪ್ಪಬೇಡಿ. ಅಲ್ಲಿ ಸಡಿಲವಾದರೆ ಹೊರ ರಿಂಗ್ ಮೆಲ್ಲಗೆ ತಿರುಗುತ್ತಾ ಗೂಡನ್ನೇ ಸವೆಸುತ್ತದೆ. ಅದನ್ನು ಲೆಕ್ಕ ಸಮೇತ ವಿವರಿಸುವುದು ನಿಮ್ಮ ಕೆಲಸ.