ಆಟಿಕೆ ಅದಲುಬದಲು: ಬಿಡಿಭಾಗ ಕಳೆಯೋದು ನಿಂತಿದ್ದು ಹೀಗೆ

ನಮ್ಮ ಮಹಡಿಯ ಆರು ಮನೆಗಳಲ್ಲಿ ಆಟಿಕೆ ಅದಲುಬದಲು ಶುರು ಮಾಡಿದ್ವಿ. ಎರಡೇ ತಿಂಗಳಲ್ಲಿ ಪಜಲ್‌ಗಳು ಅರೆಬರೆಯಾದವು, ಕೆಲವು ವಾಪಸ್ಸೇ ಬರಲಿಲ್ಲ. ವಾಟ್ಸ್ಆ್ಯಪ್‌ನಲ್ಲಿ ನೆನಪಿಸಿದ್ರೆ ಬರೀ ಹೆಬ್ಬೆರಳಿನ ಇಮೋಜಿ. ದಂಡ ಹಾಕಿದ್ರೆ ಒಂದು ಮನೆಯವರು ಬರೋದನ್ನೇ ಬಿಟ್ಟರು.

ಕೊನೆಗೆ ಕೆಲಸ ಮಾಡಿದ್ದು ಜಿಪ್ ಚೀಲ. ಒಂದು ಆಟಿಕೆಗೆ ಒಂದು ಚೀಲ. ಮೇಲೆ ಮಾರ್ಕರ್‌ನಲ್ಲಿ ‘ಪಜಲ್, 24 ತುಂಡು’ ಅಂತ ಬರೆದು, ಎಲ್ಲ ತುಂಡು ಹರಡಿ ತೆಗೆದ ಫೋಟೊ ಒಳಗಿಟ್ಟೆ. ಭಾನುವಾರ 10ರಿಂದ 10:30ರವರೆಗೆ ಮಾತ್ರ ಬದಲಾವಣೆ. ಹಳೇ ಚೀಲ ಕೊಟ್ಟರೇ ಹೊಸದು. ಎಣಿಸೋದು ಕೊಡುವವರಲ್ಲ, ಒಯ್ಯುವ ಮಗು, ಅಲ್ಲೇ ಚಾಪೆ ಮೇಲೆ. 23 ಬಂದ್ರೆ ಚೀಲದ ಮೇಲಿನ 24 ಹೊಡೆದುಹಾಕಿ 23 ಬರೀತೀವಿ, ಜಗಳವಿಲ್ಲ. ಮೆತ್ತನೆ ಗೊಂಬೆ, ಬಾಯಿಗಿಡೋ ಆಟಿಕೆ ಸೇರಿಸಿಲ್ಲ; ಪ್ರತಿ ಸಲ ತೊಳೆಯೋರು ಯಾರು?