ಬೋರ್ಡಿನ ಹೊಳಪಿನಲ್ಲಿ ಕಳೆದುಹೋದ ಮೈನಸ್

ನಾನು ಜಮಖಂಡಿ ಕಡೆಯ ಒಂದು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತೇನೆ. ಕಬ್ಬು ಕಟಾವು ಶುರುವಾದರೆ ಹತ್ತನೇ ತರಗತಿಯಲ್ಲೂ ಮೂರು ನಾಲ್ಕು ಬೆಂಚು ಖಾಲಿ. ಹೊಲಕ್ಕೆ ಹೋದ ಹುಡುಗರಿಗೆ ಕೊಡೋಣ ಅಂತ ಪಾಠ ಮುಗಿದ ಮೇಲೆ ಬೋರ್ಡಿನ ಫೋಟೋ ತೆಗೆದಿಡತೊಡಗಿದೆ. ಮೊದಲ ತಿಂಗಳ ಫೋಟೋಗಳಲ್ಲಿ ಅರ್ಧ ಕೆಲಸಕ್ಕೆ ಬರಲಿಲ್ಲ.

ನಮ್ಮದು ಗೋಡೆಗೇ ಸಿಮೆಂಟ್ ಮೆತ್ತಿ ಕಪ್ಪು ಬಣ್ಣ ಬಳಿದ ಬೋರ್ಡು. ಬಳಿದದ್ದು ಆಯಿಲ್ ಪೇಂಟ್, ಹಾಗಾಗಿ ಮಿರಮಿರ ಮಿಂಚುತ್ತದೆ. ಮಧ್ಯಾಹ್ನ ಮೂರರ ನಂತರ ಕಿಟಕಿಯ ಬೆಳಕು ಅದರ ನಟ್ಟನಡುವೆ ಬಿಳಿ ಪಟ್ಟಿಯಾಗಿ ಕೂರುತ್ತದೆ. ಆ ಪಟ್ಟಿ ಫೋಟೋದಲ್ಲಿ ಪೂರ್ತಿ ಬೆಳ್ಳಗೆ ಬಂದರೆ, ಅದರೊಳಗಿನ ಚಾಕ್‌ಪೀಸ್ ಗೆರೆಯನ್ನು ಆಮೇಲೆ ಯಾವ ಸಾಫ್ಟ್‌ವೇರಿನಿಂದಲೂ ಹೊರಗೆ ತೆಗೆಯಲಾಗದು. ಬಿಳಿಯೊಳಗೆ ಬಿಳಿ, ಅಷ್ಟೇ.

ದಾರಿ ಸಿಕ್ಕಿದ್ದು ಫೋಟೋ ತೆಗೆಯುವ ಜಾಗದಲ್ಲಿ. ನಾವು ಎರಡು ಹೆಜ್ಜೆ ಪಕ್ಕಕ್ಕೆ ಸರಿದರೆ ಹೊಳಪೂ ಸರಿಯುತ್ತದೆ, ಅಕ್ಷರ ಸರಿಯುವುದಿಲ್ಲ. ಆದ್ದರಿಂದ ಈಗ ಎಡಗಡೆಯಿಂದ ಒಂದು, ಬಲಗಡೆಯಿಂದ ಒಂದು ಫೋಟೋ. ಫ್ಲ್ಯಾಷ್ ಬಂದ್. ಫೋನಿನ ಪರದೆಯಲ್ಲಿ ಹೊಳಪಿನ ಮೇಲೇ ಬೆರಳಿಟ್ಟು ಬೆಳಕು ಇಳಿಸುತ್ತೇನೆ. ಫೋಟೋ ಸ್ವಲ್ಪ ಮಬ್ಬಾದರೂ ಪರವಾಗಿಲ್ಲ, ಮಬ್ಬನ್ನು ಆಮೇಲೆ ಎತ್ತಬಹುದು.

ಸ್ಕೂಲಿನ ಕಂಪ್ಯೂಟರಿನಲ್ಲಿ ಫೋಟೋ ತಿದ್ದುವ ಗಿಂಪ್ ಎಂಬ ಸಾಫ್ಟ್‌ವೇರ್ ಇದೆ. ಎರಡೂ ಫೋಟೋಗಳಲ್ಲಿ ಬೋರ್ಡಿನ ನಾಲ್ಕು ಮೂಲೆ ಹಿಡಿದೆಳೆದು ಒಂದೇ ಅಳತೆಯ ಆಯತ ಮಾಡಿ, ಒಂದರ ಮೇಲೊಂದು ಇಡುತ್ತೇನೆ. ಹೊಳಪು ಬೆಳಕನ್ನು ಕೂಡಿಸುತ್ತದೆಯೇ ಹೊರತು ಕಳೆಯುವುದಿಲ್ಲ ಅಲ್ವಾ? ಹಾಗಾದರೆ ಎರಡರಲ್ಲಿ ಎಲ್ಲಿ ಕಪ್ಪು ಜಾಸ್ತಿಯೋ ಅದನ್ನೇ ಉಳಿಸಿಕೊಂಡರಾಯಿತು ಅಂದುಕೊಂಡೆ. ಗಿಂಪ್‌ನಲ್ಲಿ ಅದಕ್ಕೆ `Darken only` ಎಂಬ ಆಯ್ಕೆ ಇದೆ. ಹೊಳಪು ಮಾಯವಾಯಿತು. ಖುಷಿಯೂ ಆಯಿತು.

ಅಲ್ಲೇ ಎಡವಿದ್ದು. ಎರಡು ಫೋಟೋ ಕೂದಲೆಳೆಯಷ್ಟು ಜರುಗಿದ್ದರೂ, ಒಂದರಲ್ಲಿ ಗೆರೆ ಇದ್ದ ಕಡೆ ಇನ್ನೊಂದರಲ್ಲಿ ಬರೀ ಕಪ್ಪು ಇರುತ್ತದೆ, ಆ ಕಪ್ಪೇ ಗೆಲ್ಲುತ್ತದೆ. ತೆಳ್ಳನೆಯ ಗೆರೆಗಳು ಸುಮ್ನೆ ಅಳಿದು ಹೋಗುತ್ತವೆ. ಬೋರ್ಡಿನ ತುಂಬಾ ಅಕ್ಷರ ಸೊರಗಿ ಮುರಿದಂತೆ ಕಂಡರೆ ಕಾರಣ ಇದೇ. ಈಗ ಆ ಆಯ್ಕೆ ಬಿಟ್ಟಿದ್ದೇನೆ. ಮೇಲಿನ ಫೋಟೋದಲ್ಲಿ ಹೊಳಪಿನ ಪಟ್ಟಿಯನ್ನಷ್ಟೇ ರಬ್ಬರಿನಿಂದ ಒರೆಸಿ, ಕೆಳಗಿನದು ಅಲ್ಲಿ ಕಾಣುವಂತೆ ಮಾಡುತ್ತೇನೆ.

ಇನ್ನು ಧೂಳು. ಡಸ್ಟರ್ ಎಳೆದ ಮಸಕು ಅಗಲವಾಗಿ ಹರಡಿರುತ್ತದೆ, ಗೆರೆ ಸಣ್ಣದು. ಫೋಟೋವನ್ನು ಮಗುಚಿ ಬಿಳಿ ಮೇಲೆ ಕಪ್ಪು ಮಾಡಿ, ಅದನ್ನೇ ಚೆನ್ನಾಗಿ ಮಸುಕು ಮಾಡಿದ ಪ್ರತಿಯಿಂದ ಭಾಗಿಸಿದರೆ ಅಗಲದ ಮಸಕು ಹೋಗುತ್ತದೆ. ಸುಮಾರು 2000 ಪಿಕ್ಸೆಲ್ ಅಗಲದ ಫೋಟೋಗೆ ಇಮೇಜ್‌ಮ್ಯಾಜಿಕ್ ಎಂಬ ಇನ್ನೊಂದು ಸಾಫ್ಟ್‌ವೇರಿನಲ್ಲಿ ನಾನು ಹಾಕುವ ಆಜ್ಞೆ ಇದು, ಲಿನಕ್ಸ್ ಟರ್ಮಿನಲ್‌ನಲ್ಲಿ:

```
magick board.png -colorspace Gray -negate \
 \( +clone -blur 0x40 \) -compose Divide_Src -composite \
 -level 40%,85% out.png
```

ಕೊನೆಯ 85 ಮುಖ್ಯ. ಅದನ್ನು ಇಳಿಸಿದರೆ ಹಿಂದಿನ ಪೀರಿಯಡ್ಡಿನ ಅರೆ ಅಳಿಸಿದ ಅಕ್ಷರ ಮಾಯ, ಜೊತೆಗೆ ನನ್ನದೇ ತೆಳು ಗೆರೆಗಳೂ ಮಾಯ. 95ಕ್ಕೆ ಏರಿಸಿದರೆ ಸಮಾಜ ಪಾಠದ ಇಸವಿಗಳು ನನ್ನ ಲೆಕ್ಕದೊಳಗೆ ಬಂದು ಕೂರುತ್ತವೆ. ಅದಕ್ಕೇ 85 ಮತ್ತು 95, ಎರಡೂ ಪ್ರತಿ ಮಾಡಿ ಪಕ್ಕಪಕ್ಕ ಇಟ್ಟು ನೋಟ್ಸ್ ಟೈಪ್ ಮಾಡುತ್ತೇನೆ.

ಒಮ್ಮೆ ನಿಮ್ನ ದರ್ಪಣದ ಲೆಕ್ಕ ಇತ್ತು. ವಸ್ತುವಿನ ದೂರ u = −20 ಸೆಂ.ಮೀ., ಸಂಗಮ ದೂರ f = −15 ಸೆಂ.ಮೀ. ನಡುವಿನ ಸಾಲನ್ನು ಯಾರೋ ಕೈಯಲ್ಲೇ ಒರೆಸಿದ್ದರು. 85ರ ಪ್ರತಿಯಲ್ಲಿ ಪ್ರತಿಬಿಂಬದ ದೂರ ಕಂಡದ್ದು v = 60. ನಾನು ಹಾಗೇ ಟೈಪ್ ಮಾಡಿ ಕೊಟ್ಟೆ. ಮರುದಿನ ಹೊಲದಿಂದ ಬಂದ ಹುಡುಗ ಕೇಳಿದ: "ಸರ್, ಉತ್ತರ ಪ್ಲಸ್ ಐತಿ, ಮತ್ತ ಪುಸ್ತಕದ ಚಿತ್ರದಾಗ ಪ್ರತಿಬಿಂಬ ಕನ್ನಡಿ ಮುಂದ ಐತಲ್ರಿ?"

ಕನ್ನಡಿಯ ಮುಂದಿನ ದೂರಕ್ಕೆ ಮೈನಸ್ ಬರಬೇಕು. ಲೆಕ್ಕ ಮತ್ತೆ ಹಾಕಿದೆ. 1/v = 1/f − 1/u, ಅಂದರೆ −1/15 + 1/20 = −1/60. v = −60. 95ರ ಪ್ರತಿ ತೆಗೆದು ಹಿಗ್ಗಿಸಿ ನೋಡಿದರೆ 60ರ ಮುಂದೆ ಉಗುರಿನಷ್ಟು ಮಸಕು ಗೆರೆ ಇತ್ತು. ಮೈನಸ್ ಚಿಹ್ನೆ, ದಶಮಾಂಶದ ಚುಕ್ಕೆ, ಘಾತದ ಅಂಕಿ ಇವೇ ಮೊದಲು ಅಳಿಯುವವು. ಅಂದಿನಿಂದ ಪ್ರತಿ ಲೆಕ್ಕವನ್ನೂ ಕೊಟ್ಟ ಅಂಕಿಗಳಿಂದ ಮತ್ತೆ ಮಾಡಿ ನೋಡಿಯೇ ನೋಟ್ಸಿಗೆ ಸೇರಿಸುತ್ತೇನೆ. ಫೋಟೋದಲ್ಲಿ ಕಾಣದೆ ನಾನೇ ತುಂಬಿದ್ದನ್ನು ನೀಲಿ ಬಣ್ಣದಲ್ಲಿ ಹಾಕುತ್ತೇನೆ.

ಫೈಲಿಗೆ ದಿನಾಂಕ, ಪಾಠ, ಬೋರ್ಡಿನ ಕ್ರಮಸಂಖ್ಯೆ ಇಷ್ಟೇ ಹೆಸರು. ಮೂಲ ಫೋಟೋ ಅಳಿಸುವುದಿಲ್ಲ.

ಅದೇ ಬೋರ್ಡಿನ ಕೆಳಮೂಲೆಯ ಕಿರಣ ಚಿತ್ರ ಮಾತ್ರ ಬಾಗಿಲ ಪಕ್ಕ ನಿಂತವರ ಬೆನ್ನಿಗೆ ಉಜ್ಜಿ ಪೂರ್ತಿ ಹೋಗಿತ್ತು. ನೋಟ್ಸಿನಲ್ಲಿ ಅಲ್ಲಿ ಖಾಲಿ ಚೌಕ ಬಿಟ್ಟೆ. ಅಂದು ಕ್ಲಾಸಿಗೆ ಬಂದಿದ್ದ ಹುಡುಗಿ ತನ್ನ ನೋಟ್‌ಬುಕ್ ನೋಡಿ ಪೆನ್ಸಿಲಿನಲ್ಲಿ ಅದನ್ನು ತುಂಬಿಕೊಟ್ಟಳು.